ಗಡಿಯಾರ ನೋಡುತ್ತಾ ಕೂತರೆ ಚಟದ ಆಸೆ ಇಳಿಯುವುದಿಲ್ಲ

ಪ್ರಶ್ನೆ: ಹೊಗೆಸೊಪ್ಪು ಬಿಟ್ಟು ಹತ್ತು ದಿನ ಆಯ್ತು. ಆಸೆ ಅಲೆಯ ಹಾಗೆ ಏರಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ, ಸುಮ್ಮನೆ ಗಮನಿಸಿ ಎನ್ನುತ್ತಾರೆ. ನನಗೆ ಒಂದು ಗಂಟೆಯಾದರೂ ಇಳಿಯುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ನಾನು ಬದಿಯಡ್ಕದ ಹತ್ತಿರದವ, ಅಡಿಕೆ ತೋಟದ ಕೆಲಸ. ಇಪ್ಪತ್ತು ವರ್ಷ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕಿದವ. ಮೊದಲ ವಾರ ನನಗೂ ಇಳಿಯಲಿಲ್ಲ ಮಾರಾಯ್ರೆ. ನಾನು ಗಮನಿಸುತ್ತಿದ್ದದ್ದು ಗಡಿಯಾರವನ್ನು. "ಇನ್ನೂ ಹೋಗಲಿಲ್ಲವಾ" ಎಂದು ನಿಮಿಷಕ್ಕೊಮ್ಮೆ ಕೇಳಿಕೊಳ್ಳುವುದೆಂದರೆ ಅದನ್ನು ಮತ್ತೆ ಮತ್ತೆ ಕರೆದ ಹಾಗೆ. ಸಾಲದ್ದಕ್ಕೆ ಎಲೆತಟ್ಟೆ ಎದುರಿಗೇ ಇತ್ತು, "ಒಂದು ಎಸಳು ಹಾಕಿದರೇನು" ಎಂಬ ಚೌಕಾಸಿ ಒಳಗೆ ನಡೆದೇ ಇತ್ತು. ಹೀಗಾದರೆ ಒಂದು ಅಲೆ ಇಳಿಯುವ ಮೊದಲೇ ಇನ್ನೊಂದು ಏಳುತ್ತದೆ. ನಮಗೆ ಅದೆಲ್ಲ ಸೇರಿ ಒಂದು ಗಂಟೆಯ ಒಂದೇ ಆಸೆಯಾಗಿ ಕಾಣುತ್ತದೆ.

ಆಮೇಲೆ ಒಂದು ದಿನ ಊಟ ಮುಗಿಸಿ, ಎಲೆತಟ್ಟೆಯನ್ನು ಒಳಗಿಡಲು ಹೇಳಿ, ಜಗಲಿಯ ತುದಿಗೆ ಹೋಗಿ ಕೂತೆ. ಆಸೆ ಮೈಯಲ್ಲಿ ಎಲ್ಲಿದೆ ಎಂದು ಹುಡುಕಿದೆ. ನಾಲಿಗೆ ತಾನಾಗಿ ಎಡಗೆನ್ನೆಯ ಒಳಗೆ, ಸೊಪ್ಪು ಇಡುತ್ತಿದ್ದ ಜಾಗಕ್ಕೆ ಹೋಗುತ್ತಿತ್ತು. ಬಾಯಲ್ಲಿ ನೀರು, ದವಡೆ ಬಿಗಿ, ಬಲಗೈ ಅಂಗಿಯ ಜೇಬಿನತ್ತ. ಇದನ್ನೆಲ್ಲ ಅದುಮಲು ಹೋಗಲಿಲ್ಲ, ಉಸಿರಾಡುತ್ತಾ ಒಂದೊಂದನ್ನೇ ನೋಡಿದೆ. ಹತ್ತರಲ್ಲಿ ನಾಲ್ಕರಷ್ಟಿದ್ದ ಆಸೆ ಎಂಟಕ್ಕೆ ಏರಿತು. ಏರುವಾಗ ಹೆದರಿಕೆಯಾಯಿತು, ಹಿಂದೆಲ್ಲ ಕೈ ಸೋಲುತ್ತಿದ್ದದ್ದು ಅಲ್ಲಿಯೇ. ಆದರೆ ಸ್ವಲ್ಪ ಹೊತ್ತಿಗೆ ದವಡೆ ಸಡಿಲವಾಯಿತು, ಬಾಯಿ ಒಣಗಿತು. ಒಳಗೆ ಹೋಗಿ ಗಡಿಯಾರ ನೋಡಿದರೆ ಹತ್ತು ನಿಮಿಷವೂ ಆಗಿರಲಿಲ್ಲ. ಕೆಲಸದವನೊಬ್ಬ ತನ್ನ ಎಲೆಚೀಲ ಬಿಚ್ಚಿದಾಗ ಮತ್ತೊಂದು ಅಲೆ ಬಂತು, ಮೊದಲಿನದ್ದಕ್ಕಿಂತ ಸಣ್ಣದು.

ಸರಿಯಾಗಿ ಮಾಡುತ್ತಿದ್ದೀರಾ ಎಂದು ತಿಳಿಯಲು ಒಂದು ಉಪಾಯವಿದೆ. "ಈಗ ಎಲ್ಲಿದೆ?" ಎಂದು ಕೇಳಿದರೆ ನೀವು ಕೆನ್ನೆ, ಗಂಟಲು, ಬೆರಳು ಎಂದು ಜಾಗ ಹೇಳುವಂತಿರಬೇಕು. "ಬೇಕು ಬೇಕು ಅನ್ನಿಸುತ್ತಿದೆ" ಎಂದಷ್ಟೇ ಉತ್ತರ ಬಂದರೆ ನೀವಿನ್ನೂ ಯೋಚನೆಯಲ್ಲೇ ಇದ್ದೀರಿ.

ಈ ವಿಧಾನ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಅವರದ್ದು. ಅವರೂ ಸಾರಾ ಬೋವೆನ್ ಅವರೂ ಸಿಗರೇಟು ಸೇದುವ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪರೀಕ್ಷೆ 2009ರಲ್ಲಿ ಪ್ರಕಟವಾಯಿತು. ಇದನ್ನು ಕಲಿತವರಿಗೆ ಆಸೆ ಕಡಿಮೆಯಾದದ್ದು ಕಾಣಲಿಲ್ಲ, ಆದರೂ ಮುಂದಿನ ಏಳು ದಿನ ಅವರು ಉಳಿದವರಿಗಿಂತ ಕಡಿಮೆ ಸೇದಿದರು. ಹಾಗಾಗಿ ನಾಳೆಯೂ ಆಸೆ ಬಂದರೆ ವಿಫಲವಾಯಿತೆಂದು ತಿಳಿಯಬೇಡಿ.

ಮೊದಲ ಕೆಲವು ವಾರಗಳ ಸಿಡುಕು, ನಿದ್ದೆಗೇಡು ಬೇರೆ. ಅದು ಅಲೆಯಲ್ಲ, ನಿಕೋಟಿನ್ ಇಲ್ಲದ್ದಕ್ಕೆ ಮೈ ಹೊಂದಿಕೊಳ್ಳುವುದು. ಅದು ತಡೆಯಲಾಗದಿದ್ದರೆ ಡಾಕ್ಟರ ಹತ್ತಿರ ಕೇಳಿ. ದಿನಾ ಕುಡಿಯುತ್ತಿದ್ದವರು ಶರಾಬು ಬಿಟ್ಟಾಗ ಕೈ ನಡುಕ, ಬೆವರು ಶುರುವಾದರೆ ಗಮನಿಸುತ್ತಾ ಕೂರಬಾರದು, ಫಿಟ್ಸ್ ಬರಬಹುದು, ನೇರ ಆಸ್ಪತ್ರೆಗೆ ಹೋಗಬೇಕು.

ನನಗೆ ಈಗಲೂ ಮದುವೆ ಮನೆಯಲ್ಲಿ ಪಂಕ್ತಿ ಎದ್ದ ಮೇಲೆ ಎಲೆಯಡಿಕೆಯ ಹರಿವಾಣ ಬರುವಾಗ ನಾಲಿಗೆ ಎಡಗೆನ್ನೆಗೆ ಹೋಗುತ್ತದೆ.