ಬ್ಯುಟಾಡೈಯೀನ್ + HBr: ಉತ್ಪನ್ನವನ್ನು ನಿರ್ಧರಿಸುವುದು ಯಾವ ಗುಡ್ಡ?

"1,3-ಬ್ಯುಟಾಡೈಯೀನ್‌ಗೆ HBr ಸೇರಿಸಿದರೆ ತಣ್ಣಗಿದ್ದಾಗ 1,2 ಉತ್ಪನ್ನ, ಬಿಸಿಯಲ್ಲಿ 1,4 ಉತ್ಪನ್ನ ಜಾಸ್ತಿ ಅಂತಾರೆ. ಆದ್ರೆ ಎನರ್ಜಿ ಡಯಾಗ್ರಾಮ್‌ನಲ್ಲಿ ಮೊದಲನೇ ಗುಡ್ಡವೇ ಎಲ್ಲಕ್ಕಿಂತ ಎತ್ತರ. ಹಾಗಾದ್ರೆ ಅದೇ ತಾನೇ ಎಲ್ಲಾ ನಿರ್ಧರಿಸಬೇಕು?"

ಅದು ನಿರ್ಧರಿಸುವುದು ವೇಗವನ್ನು ಮಾತ್ರ. ಯಾವ ಉತ್ಪನ್ನ ಎಷ್ಟು ಬರುತ್ತದೆ ಅನ್ನೋದಕ್ಕೂ ಆ ಗುಡ್ಡಕ್ಕೂ ಸಂಬಂಧ ಇಲ್ಲ, ಯಾಕಂದ್ರೆ ಎರಡು ಉತ್ಪನ್ನಗಳೂ ಅದೇ ಗುಡ್ಡ ಹತ್ತಿ ಇಳಿದು ಬಂದಿರುತ್ತವೆ.

ಆ ಗುಡ್ಡದಲ್ಲಿ ಆಗುವುದು ಇಷ್ಟೇ: H⁺ ತುದಿಯ ಕಾರ್ಬನ್‌ಗೆ, ಅಂದರೆ C1ಗೆ ಅಂಟಿಕೊಳ್ಳುತ್ತದೆ. ಆಗ ಸಿಗುವ ಅಲೈಲಿಕ್ ಕ್ಯಾಟಯಾನ್‌ನಲ್ಲಿ ಧನ ಚಾರ್ಜ್ C2 ಮತ್ತು C4 ನಡುವೆ ಹಂಚಿಕೊಂಡಿರುತ್ತದೆ. ಡಯಾಗ್ರಾಮ್‌ನ ಮಧ್ಯದ ತಗ್ಗು ಇದೇ. ನೀವು ನೋಡಬೇಕಾದ್ದು ಈ ತಗ್ಗಿನಿಂದ ಮುಂದಿನ ಭಾಗವನ್ನು. Br⁻ C2ಗೆ ಹೋದರೆ 3-ಬ್ರೋಮೋ-1-ಬ್ಯುಟೀನ್ (1,2 ಉತ್ಪನ್ನ), C4ಗೆ ಹೋದರೆ 1-ಬ್ರೋಮೋ-2-ಬ್ಯುಟೀನ್ (1,4 ಉತ್ಪನ್ನ).

ಈಗ ಒಂದು ಹಾಳೆ ತಗೊಂಡು ಆ ತಗ್ಗಿನಿಂದ ಎರಡು ಗೆರೆ ಎಳೆಯಿರಿ. 1,2ರ ಗುಡ್ಡ ಸ್ವಲ್ಪ ಗಿಡ್ಡ, ಆದರೆ ಅದು ಇಳಿದು ನಿಲ್ಲುವ ಜಾಗ ಅಷ್ಟು ಆಳ ಇಲ್ಲ, ಅದರ ಡಬಲ್ ಬಾಂಡ್ ತುದಿಯಲ್ಲಿದೆ ನೋಡಿ. 1,4ರ ಗುಡ್ಡ ಸ್ವಲ್ಪ ಎತ್ತರ, ಆದರೆ ಡಬಲ್ ಬಾಂಡ್ ಒಳಗಿದ್ದು ಎರಡೂ ಕಡೆ ಕಾರ್ಬನ್ ಇರುವುದರಿಂದ ಅದು ಇನ್ನೂ ಕೆಳಗೆ ಹೋಗಿ ನಿಲ್ಲುತ್ತದೆ. ಎರಡು ಗೆರೆಗಳು ಎಲ್ಲೋ ಒಂದು ಕಡೆ ಒಂದನ್ನೊಂದು ದಾಟಲೇಬೇಕು. ನಿಮ್ಮ ಚಿತ್ರದಲ್ಲಿ ದಾಟದಿದ್ದರೆ ತಪ್ಪು ಬರೆದಿದ್ದೀರಿ ಅಂತಲೇ ಲೆಕ್ಕ.

ಈ ವ್ಯತ್ಯಾಸಗಳು ಎಷ್ಟು ಸಣ್ಣವು ಅಂತ ನೋಡಿ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ಅಂಕಿ: −80 °Cನಲ್ಲಿ 1,2 ಮತ್ತು 1,4 ಸುಮಾರು 80:20, 40 °Cನಲ್ಲಿ ಸುಮಾರು 15:85. 80:20 ಬರಬೇಕಾದರೆ ಎರಡು ಗುಡ್ಡಗಳ ತುದಿಗೆ ಇರಬೇಕಾದ ಅಂತರ RT ln 4, ಅಂದರೆ −80 °Cಗೆ ಸುಮಾರು 2.2 kJ/mol. 15:85 ಅನ್ನು ಸಮತೋಲನ ಅಂತ ತಗೊಂಡರೆ ಎರಡು ಉತ್ಪನ್ನಗಳ ಆಳದ ಅಂತರ ಸುಮಾರು 4.5 kJ/mol. ಎರಡೂ ಜುಜುಬಿ ಅಂಕಿಗಳೇ.

ಇಲ್ಲೇ ಬಹಳ ಜನ ಜಾರುತ್ತಾರೆ. "ಬಿಸಿ ಮಾಡಿದರೆ ಎತ್ತರದ ಗುಡ್ಡ ಹತ್ತುವ ಶಕ್ತಿ ಸಿಗುತ್ತದೆ, ಅದಕ್ಕೇ 1,4 ಬರುತ್ತದೆ" ಅಂತ ಬರೆದುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಅದೇ 2.2 kJ ಅಂತರ ಇಟ್ಟುಕೊಂಡು ಬರೀ ವೇಗದ ಲೆಕ್ಕದಲ್ಲೇ 40 °Cಗೆ ಹೋದರೆ ಸಿಗುವುದು ಸುಮಾರು 70:30, ಆಗಲೂ 1,2ದೇ ಮೇಲುಗೈ! ಬರೀ ಶಾಖದಿಂದ ಆಯ್ಕೆ ಮಸುಕಾಗಬಹುದು ಅಷ್ಟೇ, ತಲೆಕೆಳಗಾಗುವುದಿಲ್ಲ. ತಲೆಕೆಳಗಾಗಬೇಕಾದರೆ ವಾಪಸ್ ಬರುವ ದಾರಿ ತೆರೆಯಬೇಕು. ಅಂದರೆ 1,2 ಉತ್ಪನ್ನದ C–Br ಬಾಂಡ್ ಮುರಿದು, ಅದೇ ಗುಡ್ಡವನ್ನು ಹಿಂದಿನಿಂದ ಹತ್ತಿ, ಮತ್ತೆ ಕ್ಯಾಟಯಾನ್ ಆಗಬೇಕು. ಹಾಗಾಗಿ ಡಯಾಗ್ರಾಮ್ ಅನ್ನು ಬಲದಿಂದ ಎಡಕ್ಕೂ ಓದಬೇಕು. −80ರಲ್ಲಿ ಆ ವಾಪಸ್ ಗುಡ್ಡ ಹತ್ತಲು ಆಗುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. 40ರಲ್ಲಿ ಹತ್ತುತ್ತದೆ, ಹತ್ತಿ ಇಳಿದು ಹತ್ತಿ ಇಳಿದು ಕೊನೆಗೆ ಆಳದ ಕಡೆ ಜಾಸ್ತಿ ಸೇರುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ತಣ್ಣಗೆ ತಯಾರಿಸಿದ 80:20 ಮಿಶ್ರಣವನ್ನು HBr ಜೊತೆಗೇ 40ಕ್ಕೆ ತಂದು ಬಿಟ್ಟರೆ ಅದು 15:85ರ ಕಡೆ ಸರಿಯುತ್ತದೆ. 40ರಲ್ಲಿ ತಯಾರಾದದ್ದನ್ನು ತಣ್ಣಗೆ ಮಾಡಿ ನೋಡಿ, ಅದು 80:20ಕ್ಕೆ ಹಿಂತಿರುಗುವುದಿಲ್ಲ.

ಇನ್ನು 1,2ರ ಗುಡ್ಡ ಯಾಕೆ ಗಿಡ್ಡ? C2 ಸೆಕೆಂಡರಿ, ಅಲ್ಲಿ ಧನ ಚಾರ್ಜ್ ಜಾಸ್ತಿ ಅಂತ ಕಾಲೇಜಿನಲ್ಲಿ ಹೇಳಿರುತ್ತಾರೆ. ತಪ್ಪಲ್ಲ, ಆದರೆ ಅಷ್ಟೇ ಅಲ್ಲ. 1979ರಲ್ಲಿ ನಾರ್ಡ್‌ಲ್ಯಾಂಡರ್ ಮತ್ತು ಜೊತೆಗಾರರು 1,3-ಪೆಂಟಾಡೈಯೀನ್‌ಗೆ DCl ಸೇರಿಸಿದರು. ಅಲ್ಲಿ ಹುಟ್ಟುವ ಕ್ಯಾಟಯಾನ್‌ನ ಎರಡೂ ತುದಿ ಸೆಕೆಂಡರಿ, ಡ್ಯುಟೀರಿಯಂ ಒಂದನ್ನು ಬಿಟ್ಟರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಆದರೂ 1,2 ಉತ್ಪನ್ನವೇ ಜಾಸ್ತಿ ಬಂತು. D ಅನ್ನು ಕೊಟ್ಟ Cl⁻ ಇನ್ನೂ C2 ಪಕ್ಕದಲ್ಲೇ ಇರುತ್ತದೆ, ದೂರದ C4ಗೆ ಹೋಗುವ ಮೊದಲೇ ಹತ್ತಿರದ್ದನ್ನು ಹಿಡಿಯುತ್ತದೆ. HBrಗೂ ಇದೇ ಮಾತು ಹೊಂದುತ್ತದೆ.

ಕೊನೆಗೆ ಒಂದು ಎಚ್ಚರಿಕೆ. "1,2 ಅಂದರೆ ಕೈನೆಟಿಕ್, 1,4 ಅಂದರೆ ಥರ್ಮೊಡೈನಾಮಿಕ್" ಅಂತ ಬಾಯಿಪಾಠ ಮಾಡಬೇಡಿ. 1-ಫಿನೈಲ್-1,3-ಬ್ಯುಟಾಡೈಯೀನ್ ತಗೊಳ್ಳಿ. H⁺ ಫಿನೈಲ್‌ನಿಂದ ದೂರದ ತುದಿಗೆ ಸೇರುತ್ತದೆ, Br ಅದರ ಪಕ್ಕದ ಕಾರ್ಬನ್‌ಗೇ ಹೋಗುತ್ತದೆ. ಹಾಗಾದಾಗ ಉಳಿದ ಡಬಲ್ ಬಾಂಡ್ ಬೆಂಜೀನ್ ಉಂಗುರದ ಜೊತೆ ಕಾಂಜುಗೇಟ್ ಆಗಿಯೇ ಇರುತ್ತದೆ. ಬೇಗ ಆಗುವುದೂ ಅದೇ, ಸ್ಥಿರವಾದದ್ದೂ ಅದೇ. ಅಲ್ಲಿ ಗೆರೆಗಳು ದಾಟುವುದೇ ಇಲ್ಲ, ಹಾಗಾಗಿ ತಣ್ಣಗಿಟ್ಟರೂ ಬಿಸಿ ಮಾಡಿದರೂ ಮುಖ್ಯ ಉತ್ಪನ್ನ ಬದಲಾಗುವುದಿಲ್ಲ.