ಅಜ್ಜನ ಮಣಿಕಟ್ಟಿನಿಂದ ವಾಚ್ ಹೋಯಿತು, ಕಲೆ ಉಳಿಯಿತು

ಪ್ರಶ್ನೆ: ನಮ್ಮ ಕಿರುಚಿತ್ರದ ಕಥೆ 1965ರ ಹಳ್ಳಿಯದು. ಒಂದು ಶಾಟ್‌ನಲ್ಲಿ ಅಜ್ಜನ ಪಾತ್ರಧಾರಿಯ ಕೈಯಲ್ಲಿ ಡಿಜಿಟಲ್ ವಾಚ್ ಉಳಿದುಹೋಗಿದೆ. ರೀಶೂಟ್ ಆಗಲ್ಲ. ಸುಮಾರು ನೂರು ಫ್ರೇಮ್ ಇದೆ, ಒಂದೊಂದೇ ಪೇಂಟ್ ಮಾಡಿ ಅಳಿಸಿದರೆ ಆಗುತ್ತಾ? ಯಾವ ಸಾಫ್ಟ್‌ವೇರ್ ಒಳ್ಳೆಯದು?

ನೂರು ಫ್ರೇಮ್ ಪೇಂಟ್ ಮಾಡಬೇಡಿ. ಒಂದೇ ಒಂದು ಫ್ರೇಮ್ ಮಾಡಿ. ಸಾಫ್ಟ್‌ವೇರ್ ಯಾವುದು ಅನ್ನೋದು ಆಮೇಲಿನ ಮಾತು, ಅದರಿಂದ ನನ್ನ ಶಾಟ್ ಹಾಳಾಗಲೂ ಇಲ್ಲ, ಉಳಿಯಲೂ ಇಲ್ಲ.

ಒಂಬತ್ತು ವರ್ಷದ ಹಿಂದೆ ನಾನು ಬೆಂಗಳೂರಿನ ಒಂದು ಸಣ್ಣ ವಿಎಫ್‌ಎಕ್ಸ್ ಸ್ಟುಡಿಯೋದಲ್ಲಿ ಪೇಂಟ್ ಕೆಲಸಕ್ಕೆ ಸೇರಿದ್ದೆ. ಕೈಗೆ ಬಂದ ಸಿನಿಮಾ 1962ರಲ್ಲಿ ನಡೆಯುವ ಕಥೆ. ರಾತ್ರಿ, ಜಗಲಿ, ಕಂಬಕ್ಕೆ ನೇತುಹಾಕಿದ ಲಾಟೀನು. ಊರು ಬಿಟ್ಟು ಹೊರಟ ಮಗನಿಗೆ ಅಪ್ಪ ಹಿತ್ತಾಳೆ ತಂಬಿಗೆಯಲ್ಲಿ ನೀರು ಕೊಡ್ತಾರೆ. ಮಗ ತಂಬಿಗೆ ಹಿಡಿದ ಮೇಲೂ ಅವರು ಕೈ ಬಿಡೋದಿಲ್ಲ, ಸುಮ್ಮನೆ ಹಿಡಿದೇ ನಿಲ್ತಾರೆ. ನಾಲ್ಕು ಸೆಕೆಂಡು, 96 ಫ್ರೇಮ್. ಆ ಹಿಡಿದು ನಿಲ್ಲೋದರಲ್ಲೇ ಇಡೀ ದೃಶ್ಯ ಇತ್ತು. ಅಷ್ಟರಲ್ಲಿ ಹೆಗಲ ಮೇಲಿನ ಕಂಬಳಿ ಜಾರಿ ಮಣಿಕಟ್ಟು ಹೊರಗೆ ಬಂತು, ಅದರ ಮೇಲೆ ಕಪ್ಪು ರಬ್ಬರ್ ಪಟ್ಟಿಯ ಡಿಜಿಟಲ್ ವಾಚ್. ಚರ್ಮದ ಪಟ್ಟಿಯ ಮುಳ್ಳಿನ ವಾಚ್ ಆಗಿದ್ದರೆ ನಿರ್ದೇಶಕರು ಬಿಟ್ಟುಬಿಡ್ತಿದ್ದರೋ ಏನೋ. ಎಚ್‌ಎಂಟಿ 1961ರಲ್ಲೇ ಬೆಂಗಳೂರಲ್ಲಿ ವಾಚ್ ಮಾಡೋಕೆ ಶುರುಮಾಡಿತ್ತು, ಮಗ ಪೇಟೆಯಿಂದ ತಂದುಕೊಟ್ಟದ್ದು ಅಂದುಕೊಳ್ಳಬಹುದಿತ್ತು. ಅಂಕಿ ಬೆಳಗುವ ವಾಚಿಗೆ 1962ರಲ್ಲಿ ಯಾವ ಸಮಜಾಯಿಷಿಯೂ ಇಲ್ಲ.

ನಾನೂ ನಿಮ್ಮ ಹಾಗೇ ಶುರುಮಾಡಿದೆ. ವಾಚ್ ಕಾಣುವ ಮೊದಲ ಫ್ರೇಮಿನಲ್ಲಿ ಮೊಣಕೈ ಕಡೆಯ ಚರ್ಮವನ್ನು ಕ್ಲೋನ್ ಮಾಡಿ ವಾಚ್ ಮೇಲೆ ಹಚ್ಚಿದೆ, ಎರಡನೆಯದಕ್ಕೂ ಹಾಗೇ, ಮೂರನೆಯದಕ್ಕೂ ಹಾಗೇ. ಎರಡು ದಿನಕ್ಕೆ ಮೂವತ್ತು ಫ್ರೇಮ್ ಆಯಿತು. ಒಂದೊಂದನ್ನೇ ನಿಲ್ಲಿಸಿ ನೋಡಿದರೆ ಚೆನ್ನಾಗೇ ಇತ್ತು. ಪ್ಲೇ ಮಾಡಿದೆ, ಮಣಿಕಟ್ಟು ಹಾಲು ಉಕ್ಕೋ ಹಾಗೆ ಕುದೀತಿತ್ತು. ಬ್ರಷ್ ಪ್ರತಿ ಸಲ ಕೂದಲೆಳೆಯಷ್ಟು ಆಚೀಚೆ ಬೀಳುತ್ತೆ, ಬಣ್ಣ ಒಂದು ಚೂರು ಏರುಪೇರಾಗುತ್ತೆ. ನಿಂತ ಚಿತ್ರದಲ್ಲಿ ಕಾಣದ ಆ ವ್ಯತ್ಯಾಸ ಸೆಕೆಂಡಿಗೆ 24 ಸಲ ಬದಲಾದಾಗ ಕಣ್ಣಿಗೆ ಹೊಡೆಯುತ್ತೆ.

ಪಕ್ಕದಲ್ಲಿ ಕೂರುತ್ತಿದ್ದ ಹಿರಿಯರೊಬ್ಬರು ನೋಡಿ, "ಅಷ್ಟೂ ಅಳಿಸಿಬಿಡು ಮಾರಾಯ, ಕೈಯನ್ನ ಮೊದಲು ನಿಲ್ಲಿಸು" ಅಂದರು. ಅಂದರೆ ಮಣಿಕಟ್ಟಿನ ಮೇಲೆ ಎರಡು ಮೂರು ಗುರುತು ಹಿಡಿದು (ನನಗೆ ಒಂದು ಮಚ್ಚೆ, ಒಂದು ನರ ಸಿಕ್ಕಿತ್ತು) ಟ್ರ್ಯಾಕ್ ಮಾಡೋದು. ಆ ಟ್ರ್ಯಾಕ್‌ನಿಂದ ಶಾಟನ್ನು ಸ್ಟೆಬಿಲೈಸ್ ಮಾಡಿದರೆ ಕೈ ಪರದೆಯ ಮಧ್ಯೆ ಅಲ್ಲಾಡದೆ ನಿಲ್ಲುತ್ತೆ, ಸುತ್ತಲಿನ ಲೋಕ ಓಲಾಡುತ್ತೆ. ಆಗ ವಾಚ್ ಚೆನ್ನಾಗಿ ಕಾಣುವ, ಮಸುಕಿಲ್ಲದ ಒಂದು ಫ್ರೇಮ್ ಆರಿಸಿ, ನ್ಯೂಕ್ ಸಾಫ್ಟ್‌ವೇರಿನ `FrameHold` ಹಾಕಿ ಅದನ್ನು ನಿಲ್ಲಿಸಿ, ಅದರ ಮೇಲೆ ಮಾತ್ರ `RotoPaint`ನಲ್ಲಿ ಚರ್ಮ ಬರೆಯೋದು. ಬರೆದ ತೇಪೆಯನ್ನು ಮಾತ್ರ ಕತ್ತರಿಸಿ, ಅದೇ ಟ್ರ್ಯಾಕನ್ನು ತಿರುವುಮುರುವಾಗಿ ಕೊಟ್ಟರೆ ತೇಪೆ ಕೈಯ ಜೊತೆ ತಾನೇ ಓಡಾಡುತ್ತೆ. ನಾನು 41ನೇ ಫ್ರೇಮ್ ಆರಿಸಿದೆ. ಒಂದು ಮಧ್ಯಾಹ್ನ ಕೂತು ಪಟ್ಟಿಯ ಅಂಚು, ಪಟ್ಟಿ ಒತ್ತಿದ ಗುಳಿ, ಅದರ ಕೆಳಗಿನ ನೆರಳು ಎಲ್ಲ ತೆಗೆದು, ಎರಡು ನರ, ನಾಲ್ಕು ಬಿಳಿ ಕೂದಲು ಬರೆದೆ. ಪ್ಲೇ ಮಾಡಿದೆ, ಕುದಿ ನಿಂತಿತ್ತು. ಅಪ್ಪನ ಬರಿಗೈ. ಆ ಸಂಜೆ ಎಷ್ಟು ಖುಷಿಯಾಗಿತ್ತು ಅಂತ ಈಗಲೂ ನೆನಪಿದೆ.

ತಪ್ಪು ಮಾಡಿದ್ದು ಅಲ್ಲೇ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಯಾಕಂದರೆ ಮುಂದಿನದೆಲ್ಲ ಇದರಿಂದಲೇ ಕೆಟ್ಟಿದ್ದು.

ಲಾಟೀನಿನ ಬೆಳಕಲ್ಲಿ ತೆಗೆದ ಯಾವ ಶಾಟ್ ಆದರೂ ಪೂರ್ತಿ ಮರಳು ಮರಳು. ಕ್ಯಾಮೆರಾದ ಸೆನ್ಸರ್‌ಗೆ ಬೆಳಕು ಸಾಲದೆ ಬರುವ ನಾಯ್ಸ್ ಅದು, ನಾವು ಗ್ರೇನ್ ಅಂತಲೇ ಕರೀತೀವಿ. ಅದು ಪ್ರತಿ ಫ್ರೇಮಿನಲ್ಲೂ ಹೊಸದು, ಒಂದು ಫ್ರೇಮಿನ ಕಾಳು ಇನ್ನೊಂದರಲ್ಲಿ ಅದೇ ಜಾಗದಲ್ಲಿ ಇರೋದಿಲ್ಲ. ಅದಕ್ಕೇ ಚಿತ್ರ ಉಸಿರಾಡಿದ ಹಾಗೆ ಕಾಣೋದು. ನಾನು 41ನೇ ಫ್ರೇಮನ್ನು ಹಿಡಿದು ನಿಲ್ಲಿಸಿದಾಗ ಚರ್ಮದ ಜೊತೆಗೆ 41ನೇ ಫ್ರೇಮಿನ ಗ್ರೇನೂ ನಿಂತುಹೋಯಿತು. ಸುತ್ತಲಿನ ತೋಳಿನ ಮೇಲೆ ಗ್ರೇನ್ ಹರಿದಾಡುತ್ತಿದೆ, ನಡುವೆ ಎರಡು ಬೆರಳಗಲದ ಪಟ್ಟಿಯಲ್ಲಿ ಮಾತ್ರ ಅದೇ ಕಾಳು ಶಾಟಿನ ಕೊನೆಯವರೆಗೂ ಹೆಪ್ಪುಗಟ್ಟಿ ಕೂತಿದೆ. ಬಣ್ಣ ಸರಿ, ಆಕಾರ ಸರಿ, ಚರ್ಮಕ್ಕೆ ಮಾತ್ರ ಜೀವ ಇಲ್ಲ.

ನನ್ನ ಕಣ್ಣಿಗೆ ಬೀಳಲಿಲ್ಲ ಯಾಕೆ? 4ಕೆ ಶಾಟನ್ನು ನಾನು ಕಿಟಕಿಗೆ ಹೊಂದಿಸಿ, ಅರ್ಧ ಅಳತೆಯಲ್ಲಿ ನೋಡ್ತಿದ್ದೆ. ಹಾಗೆ ನೋಡುವಾಗ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತೆ, ಅವುಗಳ ಸರಾಸರಿಯಲ್ಲಿ ಗ್ರೇನ್ ಅರ್ಧಕ್ಕಿಳಿಯುತ್ತೆ. ನನ್ನ ಮಾನಿಟರ್ ನನ್ನ ತಪ್ಪನ್ನು ಮುಚ್ಚಿಡುತ್ತಿತ್ತು. ಇನ್ನೊಂದು ಕಾರಣ ನೀಲಿ ಚಾನೆಲ್. ಲಾಟೀನಿನ ಹಳದಿ ಬೆಳಕಲ್ಲಿ ನೀಲಿ ಇರೋದೇ ಕಡಿಮೆ, ಹಾಗಾಗಿ ಗ್ರೇನ್ ಅಲ್ಲೇ ಜಾಸ್ತಿ. ನಾನು ಆ ಚಾನೆಲನ್ನು ಒಂದು ಸಲವೂ ತೆರೆದು ನೋಡಲಿಲ್ಲ.

ಸಿನಿಮಾದ ಬಣ್ಣ ತಿದ್ದುವ ಡಿಐ ಥಿಯೇಟರಿನಲ್ಲಿ ಕಲರಿಸ್ಟ್ ಮುಖ ಕಾಣಲಿ ಅಂತ ಕತ್ತಲನ್ನು ಸ್ವಲ್ಪ ಎತ್ತಿದರು. ಕತ್ತಲು ಎತ್ತಿದರೆ ಗ್ರೇನೂ ಏಳುತ್ತೆ. ದೊಡ್ಡ ಪರದೆ ಮೇಲೆ ಆ ಕೈ ಬಂದಾಗ ಹಿಂದಿನ ಸಾಲಿನಿಂದ ಸಂಕಲನಕಾರರು ಕೇಳಿದರು, "ಯಜಮಾನರ ಕೈಗೆ ಬ್ಯಾಂಡೇಜ್ ಸುತ್ತಿದ್ದಾರೇನ್ರೀ?" ವಾಚ್ ಇತ್ತು ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗೂ ಅಲ್ಲಿ ಏನೋ ಸುತ್ತಿದೆ ಅಂತ ಕಂಡಿತ್ತು.

ಸರಿಮಾಡೋಕೆ ಎರಡು ರಾತ್ರಿ ಸಾಕಿತ್ತು, ಆದರೆ ಸೆನ್ಸಾರ್‌ಗೆ ಕಾಪಿ ಹೋಗೋದು ಮಾರನೇ ದಿನ. ಸರ್ಟಿಫಿಕೇಟ್ ಆದಮೇಲೆ ದೃಶ್ಯ ಬದಲಿಸಿದರೆ ಮತ್ತೆ ಅವರಿಗೆ ತಿಳಿಸಬೇಕು, ನಿರ್ಮಾಪಕರು ಅದಕ್ಕೆ ಒಪ್ಪಲಿಲ್ಲ. ಶಾಟನ್ನು ಕಂಬಳಿ ಜಾರುವ ಮೊದಲೇ ಕತ್ತರಿಸಿದರು. 96 ಫ್ರೇಮಿನಲ್ಲಿ ಉಳಿದದ್ದು 38. ಅಪ್ಪ ತಂಬಿಗೆ ಕೊಡ್ತಾರೆ, ಅಷ್ಟೆ. ಕೈ ಬಿಡದೆ ನಿಂತದ್ದು ಸಿನಿಮಾದಲ್ಲಿ ಇಲ್ಲ. ಆ ಹಿರಿಯ ನಟರು ಅವತ್ತು ಮಾಡಿದ ಒಳ್ಳೆಯ ಕೆಲಸ ನನ್ನ ಕೈಯಿಂದ ಹೋಯಿತು ಅಂತ ಈಗಲೂ ಬೇಜಾರಿದೆ.

ಆಗಬೇಕಿದ್ದ ಕ್ರಮ ಹೀಗೆ. ಪೇಂಟ್‌ಗೆ ಮುಂಚೆ ಶಾಟನ್ನು ಡಿನಾಯ್ಸ್ ಮಾಡಬೇಕು. ಮೂಲದಿಂದ ಡಿನಾಯ್ಸ್ ಆದದ್ದನ್ನು ಕಳೆದರೆ ಬರೀ ಗ್ರೇನ್ ಉಳಿಯುತ್ತೆ, ಅದನ್ನು ಬೇರೆ ಎತ್ತಿಟ್ಟುಕೊಳ್ಳಿ. ಸ್ಟೆಬಿಲೈಸ್, ಫ್ರೇಮ್ ಹಿಡಿಯೋದು, ಚರ್ಮ ಬರೆಯೋದು, ವಾಪಸ್ ಓಡಾಡಿಸೋದು ಎಲ್ಲವೂ ನುಣುಪು ಚಿತ್ರದ ಮೇಲೆ. ಕೊನೆಗೆ ತೇಪೆಯ ಜಾಗಕ್ಕೆ ಮಾತ್ರ ಗ್ರೇನ್ ಸೇರಿಸಿ, ಮೂಲ ಶಾಟ್ ಮೇಲೆ ಕೂರಿಸಿ. ತೇಪೆಯ ಆಚೆ ಕ್ಯಾಮೆರಾದ ಒಂದು ಪಿಕ್ಸೆಲ್ ಕೂಡ ಬದಲಾಗಬಾರದು. ಇಲ್ಲೂ ಒಂದು ಗುಂಡಿ ಇದೆ. ವಾಚ್ ಇದ್ದ ಜಾಗದ ಗ್ರೇನನ್ನೇ ವಾಪಸ್ ಹಾಕಿದರೆ ವಾಚಿನ ಅಂಚು ದೆವ್ವದ ಹಾಗೆ ತೆಳ್ಳಗೆ ಮೂಡುತ್ತೆ, ಯಾಕಂದರೆ ಡಿನಾಯ್ಸ್ ಮಾಡುವಾಗ ಅಂಚಿನ ಒಂದಿಷ್ಟು ವಿವರವೂ ಗ್ರೇನ್ ಜೊತೆ ಹೊರಗೆ ಹೋಗಿರುತ್ತೆ. ಮೇಲಾಗಿ ಕಪ್ಪು ರಬ್ಬರಿನ ಗ್ರೇನೇ ಬೇರೆ, ಚರ್ಮದ್ದೇ ಬೇರೆ. ಹಾಗಾಗಿ ಆ ಗ್ರೇನ್ ಪದರವನ್ನು ತೋಳಿನುದ್ದಕ್ಕೆ ಸರಿಸಿ, ಪಕ್ಕದ ಬರಿ ಚರ್ಮದ ಗ್ರೇನ್ ತೇಪೆಯ ಮೇಲೆ ಬರುವ ಹಾಗೆ ಮಾಡಿ.

ಸರಿಯಾಯಿತೋ ಇಲ್ಲವೋ ಅಂತ ಕಣ್ಣನ್ನು ನಂಬಬೇಡಿ. ಮುಗಿದ ಶಾಟನ್ನು ಮತ್ತೆ ಅದೇ ಟ್ರ್ಯಾಕ್‌ನಿಂದ ಸ್ಟೆಬಿಲೈಸ್ ಮಾಡಿ, ಒಂದು ಫ್ರೇಮ್ ಮುಂದಿಟ್ಟ ಅದರದೇ ಪ್ರತಿಯನ್ನು (`TimeOffset`) ಅದರಿಂದ ಕಳೆಯಿರಿ (`Merge`ನಲ್ಲಿ `difference`), ಗೇನ್ ಏರಿಸಿ ನೋಡಿ. ತೋಳೆಲ್ಲ ಮಿಣಮಿಣ ಅನ್ನುತ್ತೆ. ಗ್ರೇನ್ ಹೆಪ್ಪುಗಟ್ಟಿದ್ದರೆ ತೇಪೆ ಕಪ್ಪು ಗುಂಡಿಯ ಹಾಗೆ ಕಾಣುತ್ತೆ. ಐದು ನಿಮಿಷದ ಕೆಲಸ. ನನ್ನ ಶಾಟಿಗೆ ಆಮೇಲೆ ಇದನ್ನು ಮಾಡಿ ನೋಡಿದೆ, ಮಣಿಕಟ್ಟಿನಲ್ಲಿ ಅಚ್ಚುಕಟ್ಟಾಗಿ ಕಪ್ಪು ಬಳೆ ಕಂಡಿತು.

ಒಂದೇ ಫ್ರೇಮ್ ಅಂದೆ, ಅದಕ್ಕೂ ಮಿತಿ ಇದೆ. ಮಣಿಕಟ್ಟು ಉರುಟು. ಅಜ್ಜ ಕೈ ತಿರುಗಿಸಿ ಮೇಲ್ಭಾಗದಿಂದ ಒಳಭಾಗ ತೋರಿಸಿದರೆ ಮೊದಲ ತೇಪೆ ಸಾಲದು, ಎರಡನೇ ಫ್ರೇಮ್ ಹಿಡಿದು ಇನ್ನೊಂದು ಬರೆದು, ಕೈ ಜೋರಾಗಿ ಚಲಿಸಿ ಮಸುಕಾಗುವ ಐದಾರು ಫ್ರೇಮಿನಲ್ಲಿ ಒಂದರಿಂದ ಇನ್ನೊಂದಕ್ಕೆ ಕರಗಿಸಿ. ದೀಪ ಮಿನುಗುತ್ತಿದ್ದರೆ ತೇಪೆಯ ಹೊಳಪೂ ಅದರ ಜೊತೆ ಏರಿಳಿಯಬೇಕು. ಪಕ್ಕದ ಚರ್ಮದ ಸರಾಸರಿ ಹೊಳಪನ್ನು `CurveTool`ನಿಂದ ಅಳೆದು ತೇಪೆಯ `Grade`ಗೆ ಕೊಟ್ಟರೆ ಆಗುತ್ತೆ. ವಾಚಿನ ಪ್ರತಿಬಿಂಬವನ್ನೂ ಹುಡುಕಿ. ನನ್ನ ತಂಬಿಗೆಯ ಹೊಟ್ಟೆಯ ಮೇಲೆ ಸಾಸಿವೆಯಷ್ಟು ಕಪ್ಪು ಗೆರೆಯಾಗಿ ಅದು ಕೂತಿತ್ತು, ಅದನ್ನು ಕಂಡದ್ದೂ ನಾನಲ್ಲ, ಆ ಹಿರಿಯರು.

ಬೋರ್ಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ, ಕಥೆ 1965ರದ್ದು ಅಂದಿದ್ದೀರಿ. ಊರಿನ ಯಾವ ಶಾಟ್‌ನಲ್ಲಾದರೂ ಅಂಗಡಿ, ಶಾಲೆಯ ಬೋರ್ಡ್ ಇದ್ದರೆ ಅಕ್ಷರ ಓದಿ ನೋಡಿ. ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ, ಅಲ್ಲಿಯವರೆಗೆ ಮೈಸೂರು ರಾಜ್ಯ. ಆರಂಕಿಯ ಪಿನ್ ಕೋಡ್ ಬಂದದ್ದು 1972ರಲ್ಲಿ. ಬೋರ್ಡ್ ಚಪ್ಪಟೆ, ನಾಲ್ಕು ಮೂಲೆ ಟ್ರ್ಯಾಕ್ ಮಾಡಿದರೆ ಆಯಿತು, ಕೈಗಿಂತ ಎಷ್ಟೋ ಸುಲಭ. ಅಳಿಸಿ ಬರಿ ಗೋಡೆ ಮಾಡೋ ಬದಲು ಕೈಬರಹದ ಹಳೇ ಬೋರ್ಡ್ ಬರೆಸಿ ಅದರ ಮೇಲೆ ಕೂರಿಸಿ. ಗ್ರೇನ್ ಕ್ರಮ ಅದಕ್ಕೂ ಇದೇ.

ಸಾಫ್ಟ್‌ವೇರ್ ಕೇಳಿದ್ದಿರಿ. ನಾನು ಹೇಳಿದ ಹೆಸರುಗಳು ನ್ಯೂಕ್‌ನವು. ಅದರ ಉಚಿತ ನಾನ್-ಕಮರ್ಷಿಯಲ್ ಆವೃತ್ತಿ ಕಲಿಯೋಕೆ ಮಾತ್ರ, ಹೊರಗೆ ಕೊಡೋದು 1920×1080ರವರೆಗೆ. ಆಫ್ಟರ್ ಎಫೆಕ್ಟ್ಸ್ ಇದ್ದರೆ ಅದರ ಜೊತೆ ಬರುವ ಮೋಕಾದಲ್ಲಿ ಟ್ರ್ಯಾಕ್ ಮಾಡಿ. ರಿಸಾಲ್ವ್‌ನ ಉಚಿತ ಆವೃತ್ತಿಯ ಕಲರ್ ಪೇಜಲ್ಲಿ ನಾಯ್ಸ್ ರಿಡಕ್ಷನ್ ಬಳಸೋಕಾಗಲ್ಲ, ಅದಕ್ಕೆ ಸ್ಟುಡಿಯೋ ಆವೃತ್ತಿ ಬೇಕು. ಯಾವುದರಲ್ಲೇ ಆಗಲಿ, ಕ್ಯಾಮೆರಾದಿಂದ ಬಂದ ಮೂಲ ಫೈಲಿನ ಮೇಲೆ ಮಾಡಿ, ಸಂಕಲನಕ್ಕೆ ಮಾಡಿಕೊಂಡ ಪ್ರಾಕ್ಸಿ ಮೇಲೆ ಬೇಡ.

ಇದೆಲ್ಲಕ್ಕೂ ಮೊದಲು ಸಂಕಲನಕಾರರ ಜೊತೆ ಕೂತು ಆ ಶಾಟ್ ಪೂರ್ತಿ ನೋಡಿ. 4ಕೆಯಲ್ಲಿ ತೆಗೆದು ಎಚ್‌ಡಿಯಲ್ಲಿ ಕೊಡೋದಾದರೆ ಎರಡು ಪಟ್ಟು ಹತ್ತಿರ ಹೋದರೂ ಚಿತ್ರ ಮಸುಕಾಗಲ್ಲ, ಮಣಿಕಟ್ಟು ಚೌಕಟ್ಟಿನ ಆಚೆ ಹೋಗಬಹುದು. ಅಂಗಿಯ ತೋಳು ವಾಚಿಗೆ ಒಂದು ಇಂಚು ದೂರದಲ್ಲಿದ್ದರೆ ಚರ್ಮ ಬರೆಯೋದಕ್ಕಿಂತ ತೋಳನ್ನೇ ಕೆಳಗೆಳೆದು ಮುಚ್ಚೋದು ಸುಲಭ, ಬಟ್ಟೆಯಲ್ಲಿ ತಪ್ಪು ಅಷ್ಟಾಗಿ ಕಾಣಲ್ಲ. ಅಜ್ಜನ ತೋಳು ಎಲ್ಲಿವರೆಗೆ ಬಂದಿದೆ, ಕೈ ಎಷ್ಟು ತಿರುಗುತ್ತೆ, ಬೆಳಕು ಹಗಲಿನದೋ ದೀಪದ್ದೋ, ಕಮೆಂಟಲ್ಲಿ ಬರೆಯಿರಿ. ಯಾವ ಫ್ರೇಮ್ ಹಿಡಿಯಬೇಕು ಅಂತ ಹೇಳೋಕೆ ಅಷ್ಟು ಗೊತ್ತಾಗಬೇಕು.