35 ಮತ್ತು 50 ಕೆಜಿ ಚೀಲಗಳ ಲೆಕ್ಕ

ಕಲಬುರಗಿಯ ನಮ್ಮ ಅಂಗಡಿಯಲ್ಲಿ 1000 ಕೆಜಿ ತೊಗರಿ ಬೇಳೆಯನ್ನು 35 ಕೆಜಿ, 50 ಕೆಜಿ ಚೀಲಗಳಿಗೆ ತುಂಬಬೇಕು, ಒಂದು ಚೀಲವೂ ಅರ್ಧ ಉಳಿಯಬಾರದು. ಎಲ್ಲ ಉತ್ತರ ಹುಡುಕೋದು ಹೇಗೆ?

ಮೂರೇ ದಾರಿಗಳಿವೆ: 35ರ ಚೀಲ 20, 50ರದು 6, ಅಥವಾ 10 ಮತ್ತು 13, ಇಲ್ಲವೇ 0 ಮತ್ತು 20.

ಸಮೀಕರಣ 35x + 50y = 1000. ಮೊದಲು ಯೂಕ್ಲಿಡ್ ಕ್ರಮದಲ್ಲಿ ಭಾಗಿಸುತ್ತಾ ಹೋಗಿ:

50 = 35 + 15
35 = 2·15 + 5

15ನ್ನು 5 ನಿಶ್ಶೇಷವಾಗಿ ಭಾಗಿಸುತ್ತದೆ. ಹಾಗಾಗಿ ಮ.ಸಾ.ಅ. 5. ಅದು 1000ವನ್ನು ಭಾಗಿಸದಿದ್ದರೆ ಉತ್ತರವೇ ಇರುತ್ತಿರಲಿಲ್ಲ. ಈಗ ಹಿಂದಕ್ಕೆ ಬನ್ನಿ:

5 = 35 − 2·(50 − 35) = 3·35 − 2·50

ಎರಡೂ ಕಡೆ 200ರಿಂದ ಗುಣಿಸಿದರೆ x = 600, y = −400. ಋಣ ಚೀಲ ಇರಲ್ಲ, ಆದರೆ ಹೊರಡಲು ಇಷ್ಟು ಸಾಕು.

ಯಾವುದೇ ಎರಡು ಉತ್ತರಗಳ ನಡುವೆ x ಬದಲಾವಣೆ u, y ಬದಲಾವಣೆ v ಆದರೆ 35u + 50v = 0, ಅಂದರೆ 7u = −10v. 7ಕ್ಕೂ 10ಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ u ಹತ್ತರ ಗುಣಕವೇ ಆಗಬೇಕು. ಎಲ್ಲ ಉತ್ತರಗಳೂ ಇದರಲ್ಲೇ ಬಂದವು:

x = 600 − 10t, y = −400 + 7t

ಎರಡೂ ಋಣವಾಗದಿರಲು t = 58, 59, 60 ಮಾತ್ರ. ಇಲ್ಲಿ ಜಾಸ್ತಿ ಜನ 5ರಿಂದ ಭಾಗಿಸದೆ 50 ಮತ್ತು 35ರ ಹೆಜ್ಜೆ ಇಡುತ್ತಾರೆ. ಆಗ (0, 20) ಮಾತ್ರ ಸಿಕ್ಕು ಉಳಿದೆರಡು ತಪ್ಪಿಹೋಗುತ್ತವೆ.